ಮೂರು ವಿಭಾಗದ ನೋಟ್, ಒಂದೇ ಹಾಳೆ: ಟ್ಯೂಮರ್ ಬೋರ್ಡ್ ಸಾರಾಂಶ ಬರೆಯುವುದು ಹೇಗೆ

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ತಾಯಿ. ವಯಸ್ಸು 58. ಮೂವತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ. ಎಡಗೆನ್ನೆಯ ಒಳಗೆ ಹುಣ್ಣಾಗಿ, ವಾಸಿಯಾಗದೆ, ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತ ಗೊತ್ತಾಯಿತು. ಮಾರ್ಚ್ 4ಕ್ಕೆ ಆಪರೇಷನ್ ಆಯಿತು. ಮಾರ್ಚ್ 27ಕ್ಕೆ ಅವರ ಕೇಸ್ ಟ್ಯೂಮರ್ ಬೋರ್ಡ್ ಮುಂದೆ ಬರಬೇಕಿತ್ತು. ಎರಡು ದಿನ ಮೊದಲು ಅವರ ಮಗ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಸರ್ಜನ್ ಬರೆದದ್ದು, ಆಂಕಾಲಜಿಯವರು ಬರೆದದ್ದು, ಪೆಥಾಲಜಿ ವರದಿ, ಜೊತೆಗೆ ಲ್ಯಾಬ್ ಚೀಟಿಗಳ ಒಂದು ಕಟ್ಟು.

ಅದನ್ನೆಲ್ಲ ಓದಿ ಒಂದು ಹಾಳೆಗೆ ಇಳಿಸುವುದು ನನ್ನ ಕೆಲಸ. ಕೋಲಾರದಲ್ಲಿ ಕೂತು ಇದನ್ನು ಮಾಡುತ್ತಾ ಕೆಲವು ವರ್ಷವಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವ ಜೂನಿಯರ್ ಡಾಕ್ಟರ್‌ಗಳಿಗೆ, ಕೋಆರ್ಡಿನೇಟರ್‌ಗಳಿಗೆ ಪ್ರತಿ ಸಲ ಹೇಳುವುದನ್ನೇ ಇಲ್ಲಿ ಈ ಒಂದು ಕೇಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೀತಿದ್ದರೆ ನಿಮಗೂ ಇದು ಉಪಯೋಗಕ್ಕೆ ಬರುತ್ತದೆ, ಯಾಕಂದರೆ ಆ ಕವರ್ ಹಿಡಿದುಕೊಂಡು ಓಡಾಡುವವರು ನೀವೇ.

ಟ್ಯೂಮರ್ ಬೋರ್ಡ್ ಅಂದರೆ ಸರ್ಜನ್, ಕೀಮೋ ಕೊಡುವ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಪೆಥಾಲಜಿಸ್ಟ್, ಸ್ಕ್ಯಾನ್ ಓದುವವರು ಎಲ್ಲರೂ ಒಟ್ಟಿಗೆ ಕೂತು ಒಬ್ಬ ರೋಗಿಗೆ ಮುಂದೇನು ಅಂತ ತೀರ್ಮಾನ ಮಾಡುವ ಸಭೆ. ಒಂದು ಕೇಸ್‌ಗೆ ಎಂಟು ಹತ್ತು ನಿಮಿಷ ಸಿಕ್ಕರೆ ಜಾಸ್ತಿ. ಅಷ್ಟರಲ್ಲಿ ಯಾರೂ ಕವರ್ ಬಿಚ್ಚಿ ಓದುವುದಿಲ್ಲ. ಹಾಳೆಯಲ್ಲಿ ಏನಿದೆಯೋ ಅದರ ಮೇಲೆ ಮಾತು ನಡೆಯುತ್ತದೆ.

ಕವರ್ ತೆಗೆದು ಓದಿದಾಗ ಮೂರು ನೋಟ್ ಮೂರು ಮಾತು ಹೇಳುತ್ತಿದ್ದವು. ಸರ್ಜನ್‌ರ ಡಿಸ್ಚಾರ್ಜ್ ಹಾಳೆಯಲ್ಲಿ "T2N1, ಮಾರ್ಜಿನ್ ಕ್ಲಿಯರ್" ಅಂತ ಇತ್ತು. T ಅಂದರೆ ಗಡ್ಡೆ ಯಾವ ಮಟ್ಟದ್ದು, N ಅಂದರೆ ಕುತ್ತಿಗೆಯ ಗಂಟಿಗೆ ಎಷ್ಟು ಹರಡಿದೆ ಅನ್ನುವ ಲೆಕ್ಕ. ಪೆಥಾಲಜಿ ವರದಿಯಲ್ಲಿ ಹಿಂದಿನ ಮಾರ್ಜಿನ್ 2 ಮಿ.ಮೀ., ಅಂದರೆ ತೀರಾ ಹತ್ತಿರ. ಆಂಕಾಲಜಿ ನೋಟ್‌ನಲ್ಲಿ "ಅಗತ್ಯ ಬಿದ್ದರೆ ಸಿಸ್‌ಪ್ಲಾಟಿನ್ ಕೊಡಬಹುದು, ಕಿಡ್ನಿ ಸರಿಯಿದೆ". ಅದು ಒಂದು ಕೀಮೋ ಔಷಧಿ. ಹೊಸಬರು ಇಲ್ಲಿ ಮಾಡುವುದು ಏನಂದರೆ, ಮೂರನ್ನೂ ಸೇರಿಸಿ ಒಂದು ಚೆಂದದ ಪ್ಯಾರಾ ಬರೆದುಬಿಡುತ್ತಾರೆ. ಓದಲು ಸುಲಭವಾಗಿರುತ್ತದೆ. ಆದರೆ ಯಾವ ಮಾತು ಯಾರದು, ಯಾವತ್ತಿನದು ಅನ್ನುವುದು ಅದರಲ್ಲಿ ಕರಗಿಹೋಗುತ್ತದೆ.

ಮೂರು ನೋಟ್ ಒಂದಕ್ಕೊಂದು ಹೊಂದದೇ ಇದ್ದರೆ ಯಾರೋ ತಪ್ಪು ಬರೆದಿದ್ದಾರೆ ಅಂತ ಮೊದಲು ಅನಿಸುತ್ತದೆ, ಅಲ್ವಾ? ಹೆಚ್ಚಿನ ಸಲ ಯಾರೂ ತಪ್ಪು ಬರೆದಿರುವುದಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ವಸ್ತು ನೋಡಿ ಬರೆದಿರುತ್ತಾರೆ. ಸರ್ಜನ್ ಕೈಗೆ ಸಿಕ್ಕಿದ್ದನ್ನು, ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ. ಪೆಥಾಲಜಿಸ್ಟ್ ಫಾರ್ಮಲಿನ್‌ನಲ್ಲಿ ಮುಳುಗಿ ಕುಗ್ಗಿದ ತುಂಡನ್ನು ನೋಡಿ ಬರೆಯುತ್ತಾರೆ. ಕೀಮೋ ಡಾಕ್ಟರ್ ಆ ಹೊತ್ತಿಗೆ ಎದುರು ಕೂತಿದ್ದ ಮನುಷ್ಯರನ್ನು ನೋಡಿ ಬರೆಯುತ್ತಾರೆ. ಹಾಗಾಗಿ ನಾನು ಮೊದಲು ಖಾಲಿ ಹಾಳೆ ತೆಗೆದುಕೊಂಡು ಬರೀ ದಿನಾಂಕಗಳನ್ನು ಬರೆಯುತ್ತೇನೆ. ಸ್ಟೇಜ್ ಬರೆಯುವುದಿಲ್ಲ, ಅಭಿಪ್ರಾಯ ಬರೆಯುವುದಿಲ್ಲ.

ಅದಕ್ಕೂ ಮೊದಲು ಹೆಸರು, ಆಸ್ಪತ್ರೆ ನಂಬರ್, ಎಡ ಬಲ, ಇವಿಷ್ಟು ಪ್ರತಿ ಹಾಳೆಯಲ್ಲೂ ತಾಳೆ ನೋಡಿ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಮೂರು ಜನ ಇರುವುದು ಮಾಮೂಲು.

ಈ ತಾಯಿಯ ದಿನಾಂಕ ಹೀಗಿದ್ದವು. ಫೆಬ್ರುವರಿ 6ಕ್ಕೆ ಬಯಾಪ್ಸಿ. ಫೆಬ್ರುವರಿ 12ಕ್ಕೆ ಆಂಕಾಲಜಿ ನೋಟ್. ಮಾರ್ಚ್ 4ಕ್ಕೆ ಆಪರೇಷನ್. ಮಾರ್ಚ್ 13ಕ್ಕೆ ಡಿಸ್ಚಾರ್ಜ್. ಮಾರ್ಚ್ 14ಕ್ಕೆ ಪೆಥಾಲಜಿ ವರದಿ. ಮಾರ್ಚ್ 25ಕ್ಕೆ ಹೊಸ ರಕ್ತ ಪರೀಕ್ಷೆ. ಇಷ್ಟು ಬರೆದಿದ್ದೇ ತಡ, ಅರ್ಧ ಗೋಜಲು ಬಿಡಿಸಿಕೊಂಡಿತು. ಸರ್ಜನ್ ಡಿಸ್ಚಾರ್ಜ್ ಬರೆಯುವಾಗ ಪೆಥಾಲಜಿ ವರದಿ ಬಂದೇ ಇರಲಿಲ್ಲ. ಕಿಡ್ನಿ ಸರಿಯಿದೆ ಅಂತ ಬರೆದದ್ದು ಆಪರೇಷನ್‌ಗೂ ಮೂರು ವಾರ ಮೊದಲು.

ಇನ್ನು ಒಂದೊಂದೇ ಬಿಡಿಸೋಣ. ಮೊದಲು ಸ್ಟೇಜ್.

ಸ್ಟೇಜ್ ಮುಂದೆ ಒಂದು ಸಣ್ಣಕ್ಷರ ಇರಬೇಕು. c ಅಂದರೆ ಆಪರೇಷನ್‌ಗೆ ಮೊದಲು ಕೈಯಿಂದ ಮುಟ್ಟಿ, ಸ್ಕ್ಯಾನ್ ನೋಡಿ ಹೇಳಿದ್ದು. p ಅಂದರೆ ತೆಗೆದ ತುಂಡನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿ ಹೇಳಿದ್ದು. ಡಿಸ್ಚಾರ್ಜ್ ಹಾಳೆಯಲ್ಲಿ ಆ ಅಕ್ಷರ ಬಿಟ್ಟುಹೋಗಿತ್ತು. ಹಿಂದಿನ ಓಪಿಡಿ ಚೀಟಿ ತೆಗೆದು ನೋಡಿದರೆ cT2N1 ಅಂತ ಸರಿಯಾಗಿಯೇ ಇತ್ತು. ಹುಣ್ಣು 3.5 ಸೆಂ.ಮೀ., ಸಿ.ಟಿ.ಯಲ್ಲಿ ಆಳ ಸುಮಾರು 9 ಮಿ.ಮೀ., ದವಡೆ ಕೆಳಗೆ ಒಂದೇ ಒಂದು ಗಂಟು. ಆವತ್ತಿಗೆ ಅದು ಸರಿ. ಆದರೆ ಆಪರೇಷನ್ ಆದ ಮೇಲಿನ ಹಾಳೆಯಲ್ಲಿ ಅಕ್ಷರವಿಲ್ಲದೆ T2N1 ಅಂತ ಕಂಡರೆ ಓದುವವರು ಅದನ್ನು p ಅಂತಲೇ ತಿಳಿದುಕೊಳ್ಳುತ್ತಾರೆ.

ಪೆಥಾಲಜಿ ವರದಿ ಏನು ಹೇಳಿತು? ಗಡ್ಡೆ 3.2 ಸೆಂ.ಮೀ. ದಪ್ಪ 14 ಮಿ.ಮೀ. ಒಳಗೆ ಇಳಿದ ಆಳ 11 ಮಿ.ಮೀ. ಇಲ್ಲಿ ದಪ್ಪ ಬೇರೆ, ಆಳ ಬೇರೆ. ಕೊಳವೆಬಾವಿ ಕೊರೆಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬಾವಿಯ ಆಳವನ್ನು ನೆಲಮಟ್ಟದಿಂದ ಅಳೆಯುತ್ತಾರೆ, ಮೇಲೆ ಎದ್ದು ನಿಂತ ಕೇಸಿಂಗ್ ಪೈಪ್ ತುದಿಯಿಂದಲ್ಲ. ಹಾಗೆಯೇ ಗಡ್ಡೆ ಬಾಯೊಳಗೆ ಉಬ್ಬಿಕೊಂಡಿದ್ದರೆ ಆ ಉಬ್ಬನ್ನು ಬಿಟ್ಟು, ಪಕ್ಕದ ಒಳ್ಳೆಯ ಚರ್ಮದ ತಳಪೊರೆಯ ಮಟ್ಟದಿಂದ ನೇರ ಕೆಳಕ್ಕೆ ಎಷ್ಟು ಇಳಿದಿದೆ ಅಂತ ನೋಡಬೇಕು. ದಪ್ಪದಲ್ಲಿ ಉಬ್ಬೂ ಸೇರುತ್ತದೆ. ಹುಣ್ಣಾಗಿ ಗುಳಿ ಬಿದ್ದಿದ್ದರೆ ಉಲ್ಟಾ ಆಗಿ, ದಪ್ಪವೇ ಆಳಕ್ಕಿಂತ ಕಮ್ಮಿ ಬರುತ್ತದೆ.

ಬಾಯಿ ಕ್ಯಾನ್ಸರ್‌ನ ಸ್ಟೇಜ್ ಲೆಕ್ಕಕ್ಕೆ ಈ ಆಳ ಸೇರಿದ್ದು ಎ.ಜೆ.ಸಿ.ಸಿ. ಪದ್ಧತಿಯ 8ನೇ ಆವೃತ್ತಿಯಲ್ಲಿ. ಅಮೆರಿಕದಲ್ಲಿ ಅದು 2018ರ ಜನವರಿಯಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಅಗಲ ನೋಡಿದರೆ ಸಾಕಿತ್ತು. ಹಳೇ ಅಭ್ಯಾಸದಲ್ಲಿ 3.2 ಸೆಂ.ಮೀ. ಅಂದ ಕೂಡಲೇ T2 ಅಂತ ಕೈ ತಾನಾಗಿ ಬರೆದುಬಿಡುತ್ತದೆ. ಈಗ 2ರಿಂದ 4 ಸೆಂ.ಮೀ. ಒಳಗಿನ ಗಡ್ಡೆಯಾದರೂ ಆಳ 10 ಮಿ.ಮೀ. ದಾಟಿದ್ದರೆ T3. ನಮ್ಮ ಕೇಸ್‌ನಲ್ಲಿ ಆಳ 11. ಹಾಗಾಗಿ pT3. ಒಂದು ಮಿಲಿಮೀಟರ್‌ನಲ್ಲಿ ಸ್ಟೇಜ್ ಬದಲಾಗುವುದರಿಂದ, ವರದಿಯಲ್ಲಿ ಆಳ ಅಂತ ಸ್ಪಷ್ಟವಾಗಿ ಬರೆಯದೆ ಬರೀ ದಪ್ಪ ಕೊಟ್ಟಿದ್ದರೆ ನಾನು ಅದನ್ನು ಆಳದ ಜಾಗಕ್ಕೆ ಹಾಕುವುದಿಲ್ಲ. ಪೆಥಾಲಜಿಗೆ ಫೋನ್ ಮಾಡಿ ಕೇಳುತ್ತೇನೆ.

ಅದಕ್ಕಿಂತ ದೊಡ್ಡ ವಿಷಯ ವರದಿಯ ಎರಡನೇ ಪುಟದಲ್ಲಿ ಕೂತಿತ್ತು. ಮೊದಲ ಪುಟದ ಕೊನೆಯಲ್ಲಿ "28 ನೋಡ್‌ಗಳಲ್ಲಿ 2ರಲ್ಲಿ ಕ್ಯಾನ್ಸರ್" ಅಂತ ಇತ್ತು. ನೋಡ್ ಅಂದರೆ ಕುತ್ತಿಗೆಯ ದುಗ್ಧಗ್ರಂಥಿ, ಜನ ಗಂಟು ಅನ್ನುವುದು. ಬಹಳ ಜನ ಅಷ್ಟು ಓದಿ ನಿಲ್ಲಿಸುತ್ತಾರೆ. ಪುಟ ತಿರುಗಿಸಿದರೆ, ಪ್ರತಿ ಮಟ್ಟದ ನೋಡ್‌ಗಳ ವಿವರದ ನಡುವೆ ಒಂದು ಸಾಲು: "ಪೆರಿನೋಡಲ್ ಸ್ಪ್ರೆಡ್ ಇದೆ, 1 ಮಿ.ಮೀ." ಅಂದರೆ ಒಂದು ಗಂಟಿನಲ್ಲಿ ಕ್ಯಾನ್ಸರ್ ಅದರ ಹೊರಪೊರೆ ದಾಟಿ ಆಚೆ ಬಂದಿದೆ. ಇದೇ ವಿಷಯವನ್ನು ಒಬ್ಬರು "ಎಕ್ಸ್‌ಟ್ರಾನೋಡಲ್ ಎಕ್ಸ್‌ಟೆನ್ಷನ್" ಅನ್ನುತ್ತಾರೆ, ಇನ್ನೊಬ್ಬರು "ಕ್ಯಾಪ್ಸುಲರ್ ಬ್ರೀಚ್" ಅನ್ನುತ್ತಾರೆ, ಮತ್ತೊಬ್ಬರು ಹೀಗೆ ಬರೆಯುತ್ತಾರೆ. ಒಂದೇ ಪದ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಪೂರ್ತಿ ಓದಬೇಕು, ಬೇರೆ ದಾರಿಯಿಲ್ಲ.

ಪೊರೆ ದಾಟದೆ ಒಂದೇ ಕಡೆಯ ಎರಡು ಗಂಟಿನಲ್ಲಿ ಕ್ಯಾನ್ಸರ್ ಇದ್ದಿದ್ದರೆ pN2b ಆಗುತ್ತಿತ್ತು. ಒಂದಕ್ಕಿಂತ ಹೆಚ್ಚು ಗಂಟು ಇದ್ದು ಅದರಲ್ಲಿ ಒಂದಾದರೂ ಪೊರೆ ದಾಟಿದ್ದರೆ pN3b. cT2N1 ಅಂತ ಶುರುವಾದದ್ದು ಕೊನೆಗೆ pT3 pN3b ಆಯಿತು.

ಇದು ಬರೀ ಹೆಸರಿನ ಬದಲಾವಣೆಯಲ್ಲ. ಬಾಯಿ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಗಂಟಿನಲ್ಲಿ ರೋಗ ಇದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಯೋಚಿಸುತ್ತಾರೆ. ಅದರ ಜೊತೆ ಕೀಮೋ ಕೂಡ ಬೇಕಾ ಅನ್ನುವುದಕ್ಕೆ 2004ರಲ್ಲಿ ಯುರೋಪಿನಿಂದ ಒಂದು, ಅಮೆರಿಕದಿಂದ ಒಂದು ದೊಡ್ಡ ಅಧ್ಯಯನ ಬಂದವು. ಮರುವರ್ಷ ಎರಡರ ಮಾಹಿತಿಯನ್ನೂ ಸೇರಿಸಿ ನೋಡಿದಾಗ, ಕೀಮೋ ಸೇರಿಸಿದ್ದರಿಂದ ಸ್ಪಷ್ಟ ಲಾಭ ಕಂಡದ್ದು ಎರಡು ಗುಂಪಿಗೆ: ಗಂಟಿನ ಪೊರೆ ದಾಟಿದವರು, ಇಲ್ಲವೇ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದವರು. ಅಂದರೆ ಎರಡನೇ ಪುಟದ ಆ ಒಂದು ಸಾಲು ಹಾಳೆಗೆ ಬರದೇ ಹೋಗಿದ್ದರೆ, ಬೋರ್ಡ್‌ನಲ್ಲಿ ಕೀಮೋ ಮಾತೇ ಬರದೆ ರೇಡಿಯೇಷನ್ ಒಂದಕ್ಕೇ ತೀರ್ಮಾನವಾಗಬಹುದಿತ್ತು.

ಎರಡನೆಯದು ಮಾರ್ಜಿನ್.

ಮಾರ್ಜಿನ್ ಅಂದರೆ ತೆಗೆದ ತುಂಡಿನ ಅಂಚಿಗೂ ಕ್ಯಾನ್ಸರ್‌ಗೂ ನಡುವೆ ಉಳಿದ ಒಳ್ಳೆಯ ಮಾಂಸದ ಅಗಲ. ಬಾಯಿಯಲ್ಲಿ 5 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಕ್ಲಿಯರ್ ಅನ್ನುತ್ತಾರೆ. ಅದಕ್ಕಿಂತ ಕಮ್ಮಿ ಇದ್ದರೆ ಕ್ಲೋಸ್. ಸರ್ಜನ್ ಕ್ಲಿಯರ್ ಅಂದಿದ್ದಾರೆ, ಪೆಥಾಲಜಿ ಹಿಂದಿನ ಅಂಚು 2 ಮಿ.ಮೀ. ಅಂದಿದೆ. ಒಂದಿಷ್ಟು ವ್ಯತ್ಯಾಸ ತುಂಡು ಕುಗ್ಗುವುದರಿಂದಲೇ ಬರುತ್ತದೆ. ಕೆನ್ನೆಯ ಒಳಚರ್ಮ ಕತ್ತರಿಸಿದ ಕೂಡಲೇ ಎಳೆದುಕೊಳ್ಳುತ್ತದೆ, ಆಮೇಲೆ ಫಾರ್ಮಲಿನ್‌ನಲ್ಲಿ ಇನ್ನಷ್ಟು ಕುಗ್ಗುತ್ತದೆ. ಸರ್ಜನ್ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೂ ಸ್ಲೈಡ್ ಮೇಲೆ ಅಷ್ಟು ಇರುವುದಿಲ್ಲ. ಆದರೂ 2 ಅಂದರೆ ತೀರಾ ಕಮ್ಮಿ. ಇಷ್ಟನ್ನೇ ಬರೆದರೆ ಬೋರ್ಡ್‌ನಲ್ಲಿ ಮೊದಲು ಬರುವ ಪ್ರಶ್ನೆ, ಮತ್ತೆ ಆಪರೇಷನ್ ಮಾಡಬೇಕಾ ಅನ್ನುವುದು.

ಹಾಗಾಗಿ ನಾನು ಡಿಸ್ಚಾರ್ಜ್ ಹಾಳೆ ಬಿಟ್ಟು ಆಪರೇಷನ್ ನೋಟ್ ತೆಗೆದು ಓದಿದೆ. ಇವೆರಡೂ ಬೇರೆ ಬೇರೆ. ಡಿಸ್ಚಾರ್ಜ್ ಹಾಳೆಯನ್ನು ವಾರ್ಡಿನಲ್ಲಿ ಕೂತು, ಹಲವು ಸಲ ಬೇರೆಯವರು ಬರೆದಿರುತ್ತಾರೆ. ಆಪರೇಷನ್ ನೋಟ್ ಅಂದೇ, ಥಿಯೇಟರ್‌ನಲ್ಲೇ ಬರೆದದ್ದು. ಅದರಲ್ಲಿ ಕೊನೆಗೆ ಎರಡು ಸಾಲು ಇತ್ತು: "ಹಿಂದಿನ ಅಂಚು ಹತ್ತಿರ ಅನಿಸಿದ್ದರಿಂದ ಇನ್ನೊಂದು ಪಟ್ಟಿ, 8 ಮಿ.ಮೀ., ತೆಗೆದಿದೆ. ಹೊಸ ಅಂಚಿಗೆ ಹೊಲಿಗೆ ಗುರುತು. ಡಬ್ಬಿ 4."

ಪೆಥಾಲಜಿ ವರದಿಯಲ್ಲಿ ಡಬ್ಬಿ 1, 2, 3 ಇವೆ. ನಾಲ್ಕಿಲ್ಲ.

ಇದು ಸಣ್ಣ ವಿಷಯ ಅನಿಸಬಹುದು. ಆದರೆ ನಾನು ಪ್ರತಿ ಕೇಸ್‌ನಲ್ಲೂ ಮಾಡುವ ಒಂದು ಕೆಲಸ ಇದೇ: ಥಿಯೇಟರ್‌ನಿಂದ ಎಷ್ಟು ಡಬ್ಬಿ ಹೋದವು, ವರದಿಯಲ್ಲಿ ಎಷ್ಟು ಡಬ್ಬಿ ಬಂದವು, ಎಣಿಸಿ ನೋಡುವುದು. ಹಿಂದೆ ನಾನು ಬೇರೆ ಕಡೆ ಕೆಲಸ ಮಾಡುತ್ತಿದ್ದಾಗ ಹೀಗೇ ಒಂದು ಡಬ್ಬಿಯ ವರದಿ ಬಿಟ್ಟುಹೋಗಿ, ಸಾರಾಂಶದಲ್ಲಿ ಮಾರ್ಜಿನ್ 1 ಮಿ.ಮೀ. ಅಂತ ಮಾತ್ರ ಹೋಯಿತು. ಮತ್ತೆ ಆಪರೇಷನ್ ಅಂತ ಮನೆಯವರಿಗೆ ಹೇಳಿಯೂ ಆಗಿತ್ತು. ಆಮೇಲೆ ಆ ವರದಿ ಸಿಕ್ಕಿತು, ಆಪರೇಷನ್ ಬೇಕಾಗಲಿಲ್ಲ. ಆದರೆ ಆ ನಾಲ್ಕು ದಿನ ಆ ಮನೆಯವರು ಊಟ ನಿದ್ದೆ ಬಿಟ್ಟಿದ್ದರು. ಆ ಯಜಮಾನರ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ.

ಪೆಥಾಲಜಿಗೆ ಫೋನ್ ಮಾಡಿದೆ.

"ಮೇಡಂ, ಎಡಗೆನ್ನೆ ಕೇಸ್, ಮಾರ್ಚ್ 4ರದ್ದು. ನಾಲ್ಕನೇ ಡಬ್ಬಿ ನಿಮಗೆ ಬಂದಿದೆಯಾ?"

"ಬಂದಿದೆಯಪ್ಪಾ. ಅದು ಮಾರನೇ ದಿನ ಬಂತು, ಅದಕ್ಕೆ ಬೇರೆ ನಂಬರ್ ಬಿದ್ದಿದೆ. 19ಕ್ಕೇ ರಿಪೋರ್ಟ್ ಮಾಡಿದ್ದೀನಿ. ಯಾರೂ ತಗೊಂಡು ಹೋಗಿಲ್ವಾ?"

ಆ ಎರಡನೇ ವರದಿಯಲ್ಲಿ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಇತ್ತು. ಹಾಗಾದರೆ 2ಕ್ಕೆ 8 ಕೂಡಿಸಿ ಮಾರ್ಜಿನ್ 10 ಮಿ.ಮೀ. ಅಂತ ಬರೆಯಬಹುದಾ? ಬರೆಯಬಾರದು. 8 ಅನ್ನುವುದು ಸರ್ಜನ್ ಹಸಿ ತುಂಡನ್ನು ಅಳೆದದ್ದು, 2 ಅನ್ನುವುದು ಕುಗ್ಗಿದ ತುಂಡಿನ ಲೆಕ್ಕ. ಪಟ್ಟಿ ಸರಿಯಾಗಿ ಅದೇ ಜಾಗದಿಂದ ಬಂದಿದೆಯಾ, ಗುರುತಿನ ಹೊಲಿಗೆ ಯಾವ ಕಡೆ ಇತ್ತು, ಇದನ್ನೆಲ್ಲ ನೋಡಿ ಕೊನೆಯ ಮಾರ್ಜಿನ್ ಹೇಳಬೇಕಾದವರು ಪೆಥಾಲಜಿಸ್ಟ್. ನಾನು ಕೇಳಿದೆ, ಅವರು ಸ್ಲೈಡ್ ಇನ್ನೊಮ್ಮೆ ನೋಡಿ "ಹಿಂದಿನ ಕೊನೆಯ ಅಂಚು 5 ಮಿ.ಮೀ.ಗಿಂತ ಜಾಸ್ತಿ" ಅಂತ ಎರಡೂ ನಂಬರ್ ಸೇರಿಸಿ ಒಂದು ತಿದ್ದುಪಡಿ ವರದಿ ಕಳಿಸಿದರು. ಹಾಳೆಯಲ್ಲಿ ಹೋದದ್ದು ಅವರ ಆ ಮಾತು, ನನ್ನ ಕೂಡುವ ಲೆಕ್ಕವಲ್ಲ. ಫೋನಿನಲ್ಲಿ ಹೇಳಿದ್ದನ್ನು ಮಾತ್ರ ನಂಬಿಕೊಂಡು ಬರೆಯುವುದೂ ಬೇಡ, ಕಾಗದದಲ್ಲಿ ಬರಲಿ. ಅದು ಬರುವುದು ತಡವಾದರೆ "ಮೌಖಿಕ ಮಾಹಿತಿ, ವರದಿ ಬರಬೇಕು" ಅಂತ ಬರೆಯಿರಿ.

ಈಗ ಮೂರನೆಯದು, ಕಿಡ್ನಿ. ಇದು ನನಗೆ ಅತಿ ಮುಖ್ಯ ಅನಿಸುವುದು, ಯಾಕಂದರೆ ಇಲ್ಲಿ ಯಾವ ನೋಟೂ ಇನ್ನೊಂದಕ್ಕೆ ಎದುರು ಮಾತಾಡುವುದಿಲ್ಲ. ಎಲ್ಲವೂ ಸರಿ ಅಂತಲೇ ಕಾಣುತ್ತದೆ.

ಗಂಟಿನ ಪೊರೆ ದಾಟಿದೆ, ಹಾಗಾಗಿ ಕೀಮೋ ಮಾತು ಬರುತ್ತದೆ. ರೇಡಿಯೇಷನ್ ಜೊತೆ ಸಾಮಾನ್ಯವಾಗಿ ಕೊಡುವುದು ಸಿಸ್‌ಪ್ಲಾಟಿನ್. ಇದು ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧಿ, ಕಿವಿಗೂ ಕೊಡುತ್ತದೆ. ಫೆಬ್ರುವರಿ 12ರ ಆಂಕಾಲಜಿ ನೋಟ್‌ನಲ್ಲಿ ತೂಕ 49 ಕೆ.ಜಿ., ಕ್ರಿಯಾಟಿನಿನ್ 0.8. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಅದು ಏರಿದರೆ ಕಿಡ್ನಿ ಕೆಲಸ ಕುಂದಿದೆ ಅಂತ. ಮಾರ್ಚ್ 25ರ ಲ್ಯಾಬ್ ಚೀಟಿಯಲ್ಲಿ ಕ್ರಿಯಾಟಿನಿನ್ 1.1. ಪಕ್ಕದಲ್ಲಿ ಲ್ಯಾಬ್‌ನವರು ಹಾಕುವ ಮಾಮೂಲು ಮಿತಿಯ ಒಳಗೇ ಇದೆ, ಕೆಂಪು ಗುರುತಿಲ್ಲ. ಅದನ್ನು ನೋಡಿ "ಕಿಡ್ನಿ ನಾರ್ಮಲ್" ಅಂತ ಬರೆದುಬಿಡುವುದು ಬಹಳ ಸುಲಭ.

ಆದರೆ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಸಣಕಲು ಮೈಯವರಲ್ಲಿ ಅದು ಹುಟ್ಟುವುದೇ ಕಮ್ಮಿ. ಹಾಗಾಗಿ ದೃಢಕಾಯದ ಗಂಡಸಿನಲ್ಲಿ 1.1 ಏನೂ ಅಲ್ಲ, ಊಟ ಬಿಟ್ಟು ಸೊರಗಿದ ಹೆಂಗಸಿನಲ್ಲಿ ಅದೇ 1.1 ಬೇರೆ ಮಾತು ಹೇಳುತ್ತದೆ. ಅದಕ್ಕೇ ವಯಸ್ಸು, ತೂಕ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅನ್ನುವವರ ಸೂತ್ರ, 1976ರಿಂದ ಬಳಕೆಯಲ್ಲಿದೆ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಹೆಂಗಸಾದರೆ 0.85ರಿಂದ ಮತ್ತೆ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು.

ಮಾರ್ಚ್ 25ರ ಚೀಟಿಯಲ್ಲಿ ತೂಕ ಇರಲಿಲ್ಲ. ಹಳೇ 49 ಹಾಕಿದರೆ ಸುಳ್ಳು ಲೆಕ್ಕ ಆಗುತ್ತದೆ, ಆಪರೇಷನ್ ಆದವರು ಮೂಗಿನ ಟ್ಯೂಬಿನಲ್ಲಿ ಗಂಜಿ ಕುಡಿದುಕೊಂಡು ಇದ್ದವರು. ಮಗನಿಗೆ ಹೇಳಿ ತಾಯಿಯನ್ನು ಓಪಿಡಿಗೆ ಕರೆಸಿ ತೂಗಿಸಿದೆ. 44 ಕೆ.ಜಿ. ಆರು ವಾರದಲ್ಲಿ ಐದು ಕೆ.ಜಿ. ಇಳಿದಿದ್ದರು.

```
12 ಫೆಬ್ರುವರಿ: (140-58) x 49 x 0.85 / (72 x 0.8) = 59
25 ಮಾರ್ಚ್:    (140-58) x 44 x 0.85 / (72 x 1.1) = 39
```

ಕಿಡ್ನಿ ರಕ್ತ ಸೋಸುವ ವೇಗ, ಅಂದರೆ ಕ್ಲಿಯರೆನ್ಸ್, ನಿಮಿಷಕ್ಕೆ 59 ಮಿ.ಲೀ. ಇದ್ದದ್ದು 39ಕ್ಕೆ ಇಳಿದಿದೆ. ಎರಡೂ ದಿನ ಕ್ರಿಯಾಟಿನಿನ್ ಮಾಮೂಲು ಮಿತಿಯಲ್ಲೇ ಇದೆ. 50ಕ್ಕಿಂತ ಕೆಳಗೆ ಇದ್ದರೆ ಬಹಳಷ್ಟು ಡಾಕ್ಟರ್‌ಗಳು ಸಿಸ್‌ಪ್ಲಾಟಿನ್ ಕೊಡಲು ಹಿಂಜರಿಯುತ್ತಾರೆ. ಫೆಬ್ರುವರಿಯಲ್ಲಿ ಬರೆದ "ಕೊಡಬಹುದು" ಅನ್ನುವ ಮಾತು ಆವತ್ತಿಗೆ ನಿಜ. ಅದನ್ನು ದಿನಾಂಕ ಇಲ್ಲದೆ ಹಾಳೆಗೆ ಎತ್ತಿ ಹಾಕಿದರೆ ಇವತ್ತಿಗೆ ಸುಳ್ಳು.

ಇಲ್ಲಿ ಸುಮ್ನೆ ಲೆಕ್ಕ ಹಾಕಿ ಬಿಟ್ಟರೆ ಸಾಲದು, ಯಾಕೆ ಇಳಿಯಿತು ಅಂತ ಒಂದು ಪ್ರಶ್ನೆ ಮನೆಯವರನ್ನು ಕೇಳಬೇಕು. ಮಗನನ್ನು ಕೇಳಿದೆ, "ನೋವಿಗೆ ಏನು ಕೊಡ್ತಾ ಇದ್ದೀರಣ್ಣ?"

"ನೀವು ಕೊಟ್ಟಿದ್ದು ಮುಗಿದೋಯ್ತು ಸಾರ್. ಊರಲ್ಲಿ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಂಡೋಗಿ ಕೊಡ್ತಿದ್ದೀವಿ. ದಿನಕ್ಕೆ ಎರಡು. ನೀರು ಜಾಸ್ತಿ ಹೋಗ್ತಿಲ್ಲ ಸಾರ್, ಟ್ಯೂಬಲ್ಲಿ ಹಾಕಿದ್ರೆ ಹೊಟ್ಟೆ ತುಂಬೋಯ್ತು ಅಂತಾರೆ."

ಮಾತ್ರೆಯ ಪಟ್ಟಿ ತೋರಿಸಿದರು. ಡೈಕ್ಲೋಫೆನಾಕ್. ನೀರು ಕಮ್ಮಿ ಆದ ದೇಹದಲ್ಲಿ ಈ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತದೆ. ಅಂದರೆ ಈ 39 ಸರಿಹೋಗಬಹುದಾದ 39 ಇರಬಹುದು. ಇದು ಯಾವ ವಿಭಾಗದ ನೋಟ್‌ನಲ್ಲೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆವತ್ತೇ ಆಂಕಾಲಜಿ ಡಾಕ್ಟರ್‌ಗೆ ತಿಳಿಸಿದೆ. ಮಾತ್ರೆ ನಿಲ್ಲಿಸಿ, ಬೇರೆ ನೋವಿನ ಔಷಧಿ ಬರೆದುಕೊಟ್ಟು, ಟ್ಯೂಬಿನಲ್ಲಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ಹಾಕಲು ಹೇಳಿದರು.

ಇದೆಲ್ಲದರ ಮೇಲೆ ಒಂದು ಗಡಿಯಾರ ಓಡುತ್ತಿರುತ್ತದೆ. ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು ಅನ್ನುವುದು ಗುರಿ. ಮಾರ್ಚ್ 4ಕ್ಕೆ 42 ದಿನ ಸೇರಿಸಿದರೆ ಏಪ್ರಿಲ್ 15. ಈ ದಿನಾಂಕವನ್ನು ನಾನು ಹಾಳೆಯ ಮೇಲ್ತುದಿಯಲ್ಲಿ ಬರೆಯುತ್ತೇನೆ, ವಾರದ ಲೆಕ್ಕ ಅಲ್ಲ, ದಿನಾಂಕವನ್ನೇ. ಯಾಕಂದರೆ ನಡುವೆ ಹಲ್ಲಿನ ಡಾಕ್ಟರ್ ನೋಡಬೇಕು. ಕೆಟ್ಟ ಹಲ್ಲಿದ್ದರೆ ರೇಡಿಯೇಷನ್‌ಗೆ ಮೊದಲೇ ತೆಗೆಯಬೇಕು, ಗಾಯ ಮಾಯಲು ಎರಡು ವಾರ ಬೇಕು. ಆಮೇಲೆ ತೆಗೆದರೆ ದವಡೆಯ ಮೂಳೆ ಕೊಳೆಯುವ ಅಪಾಯ ಇದೆ. ಮುಖಕ್ಕೆ ಅಚ್ಚು ಮಾಡಬೇಕು, ಪ್ಲಾನಿಂಗ್ ಸ್ಕ್ಯಾನ್ ಆಗಬೇಕು. ಮಾರ್ಚ್ 27ರ ಬೋರ್ಡ್‌ನಲ್ಲಿ ಹಲ್ಲಿನ ಮಾತು ಬರದೇ ಮುಂದಿನ ವಾರಕ್ಕೆ ಹೋದರೆ ಏಪ್ರಿಲ್ 15 ತಪ್ಪಿತು ಅಂತಲೇ ಅರ್ಥ.

ಇಷ್ಟಾದ ಮೇಲೆ ಹಾಳೆ ಬರೆಯಲು ಕೂತೆ. ನಿಜವಾದ ಹಾಳೆ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಪ್ರಶ್ನೆ: ರೇಡಿಯೇಷನ್ ಜೊತೆ ಯಾವ ಕೀಮೋ? ಮತ್ತೆ ಆಪರೇಷನ್ ಬೇಕೇ? ಆರು ವಾರದ ಗಡುವು ಏಪ್ರಿಲ್ 15.

58 ವರ್ಷದ ಮಹಿಳೆ, ಎಡಗೆನ್ನೆ ಒಳಭಾಗದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಆಪರೇಷನ್‌ಗೆ ಮೊದಲು cT2N1 (ಸರ್ಜರಿ ಓಪಿಡಿ, ಫೆಬ್ರುವರಿ). ಮಾರ್ಚ್ 4: ಗಡ್ಡೆ ಮತ್ತು ಎಡ ಕುತ್ತಿಗೆಯ ನೋಡ್‌ಗಳನ್ನು ತೆಗೆದಿದೆ, ಹಿಂದಿನ ಅಂಚಿನಿಂದ ಹೆಚ್ಚುವರಿ ಪಟ್ಟಿ ತೆಗೆದಿದೆ (ಆಪರೇಷನ್ ನೋಟ್).

ಪೆಥಾಲಜಿ, ಮಾರ್ಚ್ 14, 19 ಮತ್ತು 26: 3.2 ಸೆಂ.ಮೀ., ಇಳಿದ ಆಳ 11 ಮಿ.ಮೀ., ನರದ ಸುತ್ತ ಹರಡಿದೆ. 28ರಲ್ಲಿ 2 ನೋಡ್, ಒಂದರಲ್ಲಿ ಪೊರೆ ದಾಟಿದೆ, 1 ಮಿ.ಮೀ. ಮುಖ್ಯ ತುಂಡಿನಲ್ಲಿ ಹಿಂದಿನ ಅಂಚು 2 ಮಿ.ಮೀ., ಹೆಚ್ಚುವರಿ ಪಟ್ಟಿ ಸೇರಿ ಕೊನೆಯ ಅಂಚು 5 ಮಿ.ಮೀ.ಗಿಂತ ಜಾಸ್ತಿ. pT3 pN3b. ಡಿಸ್ಚಾರ್ಜ್ ಹಾಳೆಯ T2N1 ಆಪರೇಷನ್‌ಗೆ ಮೊದಲಿನದು.

ಆಂಕಾಲಜಿ: ಫೆಬ್ರುವರಿ 12ಕ್ಕೆ ಸಿಸ್‌ಪ್ಲಾಟಿನ್‌ಗೆ ಅಡ್ಡಿಯಿಲ್ಲ (ಕ್ಲಿಯರೆನ್ಸ್ 59). ಮಾರ್ಚ್ 25ಕ್ಕೆ 39, ತೂಕ 44. ಡೈಕ್ಲೋಫೆನಾಕ್ ಬಳಕೆ, ನೀರು ಕಮ್ಮಿ. ಮಾತ್ರೆ ನಿಲ್ಲಿಸಿದೆ.

ಬಾಕಿ: ಕ್ರಿಯಾಟಿನಿನ್ ಮರುಪರೀಕ್ಷೆ ಏಪ್ರಿಲ್ 2. ಕಿವಿ ಪರೀಕ್ಷೆ ಆಗಿಲ್ಲ. ಹಲ್ಲು ನೋಡಿಲ್ಲ. ರೇಡಿಯೇಷನ್ ಬೆಂಗಳೂರಿನಲ್ಲಿ ಆದರೆ ಆರು ವಾರ ಉಳಿಯಲು ಜಾಗವಿಲ್ಲ."

ಇಷ್ಟೇ. ಗಮನಿಸಿ, ಪ್ರಶ್ನೆ ಮೇಲಿದೆ. ನಾನು ಉತ್ತರ ಬರೆದಿಲ್ಲ. 2 ಮಿ.ಮೀ. ಅನ್ನುವುದನ್ನು ಅಳಿಸಿಲ್ಲ, ಯಾಕಂದರೆ ರೇಡಿಯೇಷನ್ ಡಾಕ್ಟರ್‌ಗೆ ಯಾವ ಜಾಗದಲ್ಲಿ ಹತ್ತಿರ ಇತ್ತು ಅನ್ನುವುದು ಬೇಕು. ಊರು, ಉಳಿಯುವ ಜಾಗ, ಅದನ್ನೂ ಬಾಕಿ ಪಟ್ಟಿಗೆ ಹಾಕಿದ್ದೇನೆ. ವಾರಕ್ಕೆ ಐದು ದಿನದಂತೆ 30ರಿಂದ 33 ಸಲ ರೇಡಿಯೇಷನ್ ಅಂದರೆ ಶ್ರೀನಿವಾಸಪುರದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವುದು ಟ್ಯೂಬ್ ಹಾಕಿಕೊಂಡವರಿಂದ ಆಗದ ಮಾತು, ಇದು ತಿಳಿಯದೆ ಮಾಡಿದ ತೀರ್ಮಾನ ಮೂರನೇ ವಾರಕ್ಕೆ ಮುರಿದುಬೀಳುತ್ತದೆ.

ಬೋರ್ಡ್‌ನಲ್ಲಿ ಒಂಬತ್ತು ನಿಮಿಷ ಮಾತು ನಡೆಯಿತು. ಮತ್ತೆ ಆಪರೇಷನ್ ಬೇಡ ಅಂತ ಒಂದೇ ನಿಮಿಷದಲ್ಲಿ ಮುಗಿಯಿತು. ರೇಡಿಯೇಷನ್ ಜೊತೆ ಕೀಮೋ ಖಂಡಿತ ಅಂತ ಆಯಿತು. ಯಾವುದು ಅನ್ನುವುದನ್ನು ಕಿಡ್ನಿ ಮತ್ತು ಕಿವಿ ಪರೀಕ್ಷೆ ಬಂದ ಮೇಲೆ ಆಂಕಾಲಜಿಯವರು ತೀರ್ಮಾನಿಸಲಿ, ಅದಕ್ಕಾಗಿ ಇನ್ನೊಂದು ಬೋರ್ಡ್‌ಗೆ ಕಾಯುವುದು ಬೇಡ ಅಂದರು. ಸಿಸ್‌ಪ್ಲಾಟಿನ್ ಆಗದಿದ್ದರೆ ಡೋಸಿಟ್ಯಾಕ್ಸೆಲ್. ಸಿಸ್‌ಪ್ಲಾಟಿನ್ ತಡೆಯಲಾಗದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಅದನ್ನು ಕಮ್ಮಿ ಪ್ರಮಾಣದಲ್ಲಿ ಕೊಟ್ಟರೆ ಲಾಭವಿದೆ ಅಂತ ಮುಂಬೈನ ಟಾಟಾ ಮೆಮೋರಿಯಲ್‌ನವರ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಹಲ್ಲಿನ ಡಾಕ್ಟರ್ ಅಂದು ಮಧ್ಯಾಹ್ನವೇ ನೋಡಿದರು. ಬಲಗಡೆಯ ಎರಡು ಹಲ್ಲು ಮಾರನೇ ದಿನ ತೆಗೆದರು.

ಏಪ್ರಿಲ್ 2ಕ್ಕೆ ಕ್ರಿಯಾಟಿನಿನ್ 0.8ಕ್ಕೆ ಇಳಿದಿತ್ತು. ತೂಕ ಅದೇ 44. ಲೆಕ್ಕ ಹಾಕಿದರೆ 53. ಆದರೆ ಕಿವಿ ಪರೀಕ್ಷೆಯಲ್ಲಿ ಸಣ್ಣ ಧ್ವನಿಯ, ಅಂದರೆ ಕೀಚು ಶಬ್ದದ ಮಟ್ಟದಲ್ಲಿ ಎರಡೂ ಕಿವಿಯ ಕೇಳುವ ಶಕ್ತಿ ಆಗಲೇ ಕುಂದಿತ್ತು. ಎರಡನ್ನೂ ಒಟ್ಟಿಗೆ ನೋಡಿ ಆಂಕಾಲಜಿ ಡಾಕ್ಟರ್ ಡೋಸಿಟ್ಯಾಕ್ಸೆಲ್ ಆರಿಸಿದರು. ಏಪ್ರಿಲ್ 13ಕ್ಕೆ ಬೆಂಗಳೂರಿನಲ್ಲಿ ರೇಡಿಯೇಷನ್ ಶುರುವಾಯಿತು, ಆಪರೇಷನ್ ಆಗಿ 40ನೇ ದಿನ. ಮಗ ಅಲ್ಲೇ ನೆಂಟರ ಮನೆಯಲ್ಲಿ ಒಂದು ರೂಮು ಹೊಂದಿಸಿಕೊಂಡಿದ್ದರು. ನಾನು ಅದೇ ಹಾಳೆ ತೆಗೆದು, 39 ಅನ್ನುವುದನ್ನು ಹಾಗೇ ಬಿಟ್ಟು, ಅದರ ಕೆಳಗೆ 53 ಬರೆದು, ಕಿವಿ ಪರೀಕ್ಷೆಯ ಫಲಿತಾಂಶ ಬರೆದು, ಔಷಧಿ ಬದಲಿಸಿದವರು ಯಾರು ಅಂತ ಬರೆದು ದಿನಾಂಕ ಹಾಕಿದೆ. ಒಂದು ಪ್ರತಿಯನ್ನು ಮಗನ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಟ್ಟೆ.